ಠೇವಣಿ ಬಡ್ಡಿಗೆ ಕತ್ತರಿ: 15ಜಿ, 15ಎಚ್ ಯಾರು, ಯಾವಾಗ, ಹೇಗೆ ಕೊಡಬೇಕು?

"ಏನೋ ಇದು, ಮೂವತ್ತು ಸಾವಿರ ಬರಬೇಕಿತ್ತು, ಇಪ್ಪತ್ತೇಳೇ ಬಂದಿದೆಯಲ್ಲ!" 2025ರ ಜುಲೈ ಮೊದಲ ವಾರ ತಿಪಟೂರಿನಿಂದ ಚಿಕ್ಕಮ್ಮ ಫೋನ್ ಮಾಡಿದ್ದರು. ಮುಂದಿನ ಭಾನುವಾರ ಹೋಗಿ ಪಾಸ್‌ಬುಕ್ ತೆರೆದು ನೋಡಿದೆ. ಜೂನ್ ಕೊನೆಗೆ ಬಡ್ಡಿ 30,000 ರೂಪಾಯಿ ಜಮಾ ಆಗಿತ್ತು. ಅದರ ಕೆಳಗಿನ ಸಾಲಿನಲ್ಲೇ 'ಟಿಡಿಎಸ್ 3,000' ಎಂದು ಖರ್ಚು ಬಿದ್ದಿತ್ತು.

ಚಿಕ್ಕಮ್ಮನಿಗೆ 67 ವರ್ಷ, ನಿವೃತ್ತ ಶಿಕ್ಷಕಿ. ನಿವೃತ್ತಿಯಾದಾಗ ಬಂದ ಹಣದಲ್ಲಿ 16 ಲಕ್ಷವನ್ನು ಶೇ 7.5ರ ಬಡ್ಡಿಗೆ ಎಫ್‌ಡಿ ಇಟ್ಟಿದ್ದಾರೆ. ಅವರು ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಆದರೂ ತೆರಿಗೆ ಕಡಿತವಾಗಿದೆ. ಬ್ಯಾಂಕು ತಪ್ಪೇನೂ ಮಾಡಿರಲಿಲ್ಲ. ಚಿಕ್ಕಮ್ಮ ಏಪ್ರಿಲ್‌ನಲ್ಲಿ ಕೊಡಬೇಕಿದ್ದ ಒಂದು ಅರ್ಜಿಯನ್ನು ಕೊಟ್ಟಿರಲಿಲ್ಲ, ಅಷ್ಟೆ.

ಬ್ಯಾಂಕು ಯಾವಾಗ ಕಡಿತ ಮಾಡುತ್ತದೆ?

ಈ ಲೇಖನದ ಅಂಕಿಗಳೆಲ್ಲ 2025-26ನೇ ಹಣಕಾಸು ವರ್ಷದವು. ಒಂದು ಬ್ಯಾಂಕಿನಿಂದ ವರ್ಷಕ್ಕೆ ಬರುವ ಠೇವಣಿ ಬಡ್ಡಿ 50,000 ರೂಪಾಯಿ ದಾಟಿದರೆ ಬ್ಯಾಂಕು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. 60 ತುಂಬಿದವರಿಗೆ ಈ ಮಿತಿ 1 ಲಕ್ಷ. ಪ್ಯಾನ್ ಕೊಟ್ಟಿದ್ದರೆ ಕಡಿತ ಶೇ 10. ಕೊಡದಿದ್ದರೆ, ಅಥವಾ ಆಧಾರ್ ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಶೇ 20.

ಇಲ್ಲಿ ಎರಡು ವಿಷಯಗಳಲ್ಲಿ ಬಹಳ ಜನ ಎಡವುತ್ತಾರೆ. ಮೊದಲನೆಯದು, ಮಿತಿ ದಾಟಿದ ಮೇಲೆ ಕಡಿತವಾಗುವುದು ಹೆಚ್ಚುವರಿ ಮೊತ್ತಕ್ಕೆ ಮಾತ್ರ ಅಲ್ಲ, ಇಡೀ ಬಡ್ಡಿಗೆ. ಚಿಕ್ಕಮ್ಮನಿಗೆ ವರ್ಷಕ್ಕೆ 1,20,000 ಬಡ್ಡಿ ಬರುತ್ತದೆಂದು ಬ್ಯಾಂಕಿನ ಕಂಪ್ಯೂಟರಿಗೆ ಮೊದಲೇ ಗೊತ್ತು. ಹಾಗಾಗಿ ಮೊದಲ ಕಂತಿನಿಂದಲೇ ಶೇ 10 ಹಿಡಿಯಿತು. ಹೀಗೇ ಬಿಟ್ಟಿದ್ದರೆ ವರ್ಷಕ್ಕೆ 12,000 ಹೋಗುತ್ತಿತ್ತು. ಎರಡನೆಯದು, ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಠೇವಣಿ ಹಂಚಿಟ್ಟರೂ ಲೆಕ್ಕ ಒಂದೇ. ಶಾಖೆಗಳೆಲ್ಲ ಕೋರ್ ಬ್ಯಾಂಕಿಂಗ್ ಜಾಲದಲ್ಲಿರುವುದರಿಂದ ಬಡ್ಡಿಯೆಲ್ಲ ಒಟ್ಟುಗೂಡುತ್ತದೆ. ಆರ್‌ಡಿ ಬಡ್ಡಿಯೂ ಇದರಲ್ಲಿ ಸೇರುತ್ತದೆ. ಉಳಿತಾಯ ಖಾತೆಯ ಬಡ್ಡಿಗೆ ಮಾತ್ರ ಟಿಡಿಎಸ್ ಇಲ್ಲ.

ಅರ್ಜಿಗೆ ಮುನ್ನ ಲೆಕ್ಕ

15ಜಿ ಮತ್ತು 15ಎಚ್ ಎರಡೂ ಸ್ವಯಂಘೋಷಣೆಗಳು. 'ಕಡಿತ ಮಾಡಬೇಡಿ' ಎಂದು ಕೇಳಿಕೊಳ್ಳುವ ಮನವಿಪತ್ರಗಳಲ್ಲ. 'ಈ ವರ್ಷ ನನ್ನ ಒಟ್ಟು ಆದಾಯದ ಮೇಲೆ ತೆರಿಗೆ ಸೊನ್ನೆ' ಎಂದು ನೀವು ಸಹಿ ಹಾಕಿ ಹೇಳುತ್ತಿದ್ದೀರಿ. ಸುಳ್ಳು ಘೋಷಣೆಗೆ ಆದಾಯ ತೆರಿಗೆ ಕಾಯ್ದೆಯ 277ನೇ ಸೆಕ್ಷನ್ನಿನಲ್ಲಿ ಜೈಲು ಶಿಕ್ಷೆಯವರೆಗೂ ಅವಕಾಶವಿದೆ. ಆದ್ದರಿಂದ ಪೆನ್ನು ಹಿಡಿಯುವ ಮೊದಲು ಹಾಳೆಯ ಮೇಲೆ ಲೆಕ್ಕ ಹಾಕಬೇಕು.

ಚಿಕ್ಕಮ್ಮನ ಲೆಕ್ಕವನ್ನು ಹೊಸ ತೆರಿಗೆ ಪದ್ಧತಿಯಲ್ಲಿ ಹೀಗೆ ಹಾಕಿದೆವು:

- ಪಿಂಚಣಿ ತಿಂಗಳಿಗೆ 35,000, ವರ್ಷಕ್ಕೆ 4,20,000
- ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 3,45,000
- ಎಫ್‌ಡಿ ಬಡ್ಡಿ 1,20,000
- ಉಳಿತಾಯ ಖಾತೆಯ ಬಡ್ಡಿ 5,000
- ಒಟ್ಟು ಆದಾಯ 4,70,000

ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಉಳಿದ 70,000ಕ್ಕೆ ಶೇ 5ರಂತೆ 3,500 ರೂಪಾಯಿ. ಆದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯವಿರುವವರಿಗೆ 87ಎ ಸೆಕ್ಷನ್ನಿನ ರಿಬೇಟ್ ಸಿಗುತ್ತದೆ. ಆ 3,500 ಅದರಲ್ಲಿ ವಜಾ ಆಗಿ ಕೊನೆಗೆ ಉಳಿಯುವುದು ಸೊನ್ನೆ. ಟಿಡಿಎಸ್ ಇಲ್ಲದಿದ್ದರೂ ಉಳಿತಾಯ ಖಾತೆಯ ಬಡ್ಡಿ ಈ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿ. ಮೂಲದಲ್ಲಿ ಕಡಿತವಾಗದ ಆದಾಯವೂ ಆದಾಯವೇ.

ಜಿ ಯಾರಿಗೆ, ಎಚ್ ಯಾರಿಗೆ?

ವಯಸ್ಸು 60 ತುಂಬದವರಿಗೆ 15ಜಿ, 60 ತುಂಬಿದವರಿಗೆ 15ಎಚ್. ಇಷ್ಟು ಎಲ್ಲರಿಗೂ ಗೊತ್ತು. ವ್ಯತ್ಯಾಸ ವಯಸ್ಸಿನಲ್ಲಿ ಮಾತ್ರ ಇಲ್ಲ.

15ಎಚ್‌ಗೆ ಇರುವುದು ಒಂದೇ ಷರತ್ತು. ರಿಬೇಟ್ ಕಳೆದ ಮೇಲೆ ತೆರಿಗೆ ಸೊನ್ನೆ ಇದ್ದರೆ ಸಾಕು. 'ನಿಮ್ಮ ಆದಾಯ 4 ಲಕ್ಷ ದಾಟಿದೆ, ಅರ್ಜಿ ತೆಗೆದುಕೊಳ್ಳಲು ಆಗುವುದಿಲ್ಲ' ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಅರ್ಜಿಯ ಕೊನೆಯಲ್ಲಿ ಅಚ್ಚಾಗಿರುವ ಟಿಪ್ಪಣಿಗಳನ್ನು ತೋರಿಸಿ. 87ಎ ರಿಬೇಟ್‌ನಿಂದ ತೆರಿಗೆ ಸೊನ್ನೆಯಾಗುವವರ ಘೋಷಣೆಯನ್ನು ಬ್ಯಾಂಕು ಸ್ವೀಕರಿಸಬೇಕೆಂದು 2019ರಲ್ಲೇ ಅಲ್ಲಿ ಸೇರಿಸಲಾಗಿದೆ.

15ಜಿಗೆ ಎರಡು ಷರತ್ತು. ತೆರಿಗೆ ಸೊನ್ನೆ ಇರಬೇಕು. ಅದರ ಜೊತೆಗೆ, ಟಿಡಿಎಸ್‌ಗೆ ಒಳಪಡುವ ಬಡ್ಡಿಯಂಥ ಆದಾಯದ ಮೊತ್ತ ಮೂಲ ವಿನಾಯಿತಿ ಮಿತಿಯನ್ನು ದಾಟಿರಬಾರದು. ಹೊಸ ಪದ್ಧತಿಯಲ್ಲಿ ಈ ಮಿತಿ 4 ಲಕ್ಷ, ಹಳೆಯದರಲ್ಲಿ ಎರಡೂವರೆ ಲಕ್ಷ. ಉದಾಹರಣೆಗೆ, 54 ವರ್ಷದ ಗೃಹಿಣಿಯೊಬ್ಬರು 30 ಲಕ್ಷವನ್ನು ಶೇ 7ಕ್ಕೆ ಇಟ್ಟಿದ್ದಾರೆ, ಬೇರೆ ಆದಾಯವಿಲ್ಲ ಎಂದುಕೊಳ್ಳಿ. ಬಡ್ಡಿ 2,10,000. ಅವರು 15ಜಿ ಕೊಡಬಹುದು. ಠೇವಣಿ 60 ಲಕ್ಷವಾದರೆ ಬಡ್ಡಿ 4,20,000. ರಿಬೇಟ್ ಇರುವುದರಿಂದ ಆಗಲೂ ತೆರಿಗೆ ಸೊನ್ನೆಯೇ. ಆದರೆ ಎರಡನೇ ಷರತ್ತು ಅಡ್ಡ ಬರುವುದರಿಂದ 15ಜಿ ಕೊಡುವಂತಿಲ್ಲ. ಅವರು ಒಂದೋ ಆದಾಯ ತೆರಿಗೆ ಇಲಾಖೆಗೆ ನಮೂನೆ 13 ಸಲ್ಲಿಸಿ ಕಡಿತ ಬೇಡವೆಂಬ ಪ್ರಮಾಣಪತ್ರ ತರಬೇಕು, ಇಲ್ಲವೇ 42,000 ಕಡಿತವಾಗಲು ಬಿಟ್ಟು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬೇಕು.

ಎರಡೂ ಅರ್ಜಿಗಳು ಭಾರತದ ನಿವಾಸಿಗಳಿಗೆ ಮಾತ್ರ. ಮಗ ದುಬೈನಲ್ಲೋ ಅಮೆರಿಕದಲ್ಲೋ ನೆಲೆಸಿ ಅನಿವಾಸಿಯಾಗಿದ್ದರೆ ಇಲ್ಲಿರುವ ಅವನ ಎನ್‌ಆರ್‌ಒ ಠೇವಣಿಗೆ ಇವು ನಡೆಯುವುದಿಲ್ಲ.

ಹಂತ ಹಂತವಾಗಿ

1. ಏಪ್ರಿಲ್ ಮೊದಲ ವಾರದಲ್ಲೇ ಹೋಗಿ. ಘೋಷಣೆಯ ಆಯುಷ್ಯ ಒಂದು ಹಣಕಾಸು ವರ್ಷ. ಎಫ್‌ಡಿ ಐದು ವರ್ಷದ್ದಾದರೂ ಅರ್ಜಿ ಪ್ರತಿ ವರ್ಷ ಹೊಸದಾಗಿ ಕೊಡಬೇಕು. ಮೊದಲ ಬಡ್ಡಿ ಜಮಾ ಆಗುವ ಮುನ್ನ ಅದು ಬ್ಯಾಂಕಿನ ಕೈಸೇರಬೇಕು.

2. ಪ್ಯಾನ್ ಪರೀಕ್ಷಿಸಿ. ಪ್ಯಾನ್ ಇಲ್ಲದ ಘೋಷಣೆ ಊರ್ಜಿತವಲ್ಲ. ಒಂದೇ ಬ್ಯಾಂಕಿನಲ್ಲಿ ನಿಮಗೆ ಎರಡು ಗ್ರಾಹಕ ಸಂಖ್ಯೆಗಳಿದ್ದರೆ ಎರಡಕ್ಕೂ ಪ್ಯಾನ್ ಜೋಡಣೆಯಾಗಿದೆಯೇ ಕೇಳಿ. ಅರ್ಜಿ ಒಂದಕ್ಕೆ ಮಾತ್ರ ದಾಖಲಾಗಿ ಇನ್ನೊಂದರಲ್ಲಿ ಕಡಿತ ಮುಂದುವರಿಯುವುದುಂಟು. ಜಂಟಿ ಠೇವಣಿಯಾದರೆ ಮೊದಲ ಹೆಸರಿನವರೇ ಅರ್ಜಿ ಕೊಡಬೇಕು.

3. ಎರಡು ಮೊತ್ತಗಳನ್ನು ಬೇರೆ ಬೇರೆಯಾಗಿ ಬರೆಯಿರಿ. 'ಈ ಘೋಷಣೆಗೆ ಸಂಬಂಧಿಸಿದ ಅಂದಾಜು ಆದಾಯ' ಎಂಬಲ್ಲಿ ಆ ಬ್ಯಾಂಕಿನ ಬಡ್ಡಿ ಮಾತ್ರ ಬರಬೇಕು. ಚಿಕ್ಕಮ್ಮ ಏಪ್ರಿಲ್‌ನಲ್ಲೇ ಕೊಟ್ಟಿದ್ದರೆ ಅಲ್ಲಿ 1,20,000 ಬರುತ್ತಿತ್ತು. 'ಅಂದಾಜು ಒಟ್ಟು ಆದಾಯ' ಎಂಬಲ್ಲಿ ಈ ಬಡ್ಡಿಯೂ ಸೇರಿದ ಮೊತ್ತ, ಅಂದರೆ 4,70,000. ಎರಡನೇ ಕಡೆ ಬರೀ ಪಿಂಚಣಿ ಬರೆದುಬಿಡುವುದು ಸಾಮಾನ್ಯ ತಪ್ಪು.

4. ಬೇರೆ ಬ್ಯಾಂಕಿಗೆ ಕೊಟ್ಟ ಅರ್ಜಿಯನ್ನು ಮುಚ್ಚಿಡಬೇಡಿ. ಈ ವರ್ಷ ಈಗಾಗಲೇ ಎಷ್ಟು ಅರ್ಜಿ, ಎಷ್ಟು ಮೊತ್ತಕ್ಕೆ ಕೊಟ್ಟಿದ್ದೀರಿ ಎಂಬ ಕಾಲಂ ಇದೆ. ಮೊದಲ ಬ್ಯಾಂಕಿನಲ್ಲಿ ಅದು ಸೊನ್ನೆ, ಎರಡನೆಯದರಲ್ಲಿ ಒಂದು, ಹೀಗೆ ಏರುತ್ತಾ ಹೋಗುತ್ತದೆ.

5. 'ತೆರಿಗೆ ನಿರ್ಧರಣೆಗೆ ಒಳಪಟ್ಟಿದ್ದೀರಾ?' ಹಿಂದಿನ ಆರು ನಿರ್ಧರಣಾ ವರ್ಷಗಳಲ್ಲಿ ಯಾವುದಾದರೂ ಒಂದಕ್ಕೆ ಒಳಪಟ್ಟಿದ್ದರೆ 'ಹೌದು' ಎಂದು ಬರೆದು, ಕೊನೆಯದಾಗಿ ಒಳಪಟ್ಟ ವರ್ಷ ನಮೂದಿಸಿ.

6. ಠೇವಣಿ ಸಂಖ್ಯೆಗಳನ್ನೆಲ್ಲ ಪಟ್ಟಿ ಮಾಡಿ. ವರ್ಷದ ನಡುವೆ ಹೊಸ ಎಫ್‌ಡಿ ಮಾಡಿದರೆ ಅಂದಾಜು ಬದಲಾಗುತ್ತದೆ. ಅದಕ್ಕೆ ಮತ್ತೊಂದು ಅರ್ಜಿ ಕೊಟ್ಟುಬಿಡುವುದು ಕ್ಷೇಮ.

7. ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ. ನಕಲು ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಪ್ರತಿ ಅರ್ಜಿಗೂ ಬ್ಯಾಂಕು ಒಂದು ವಿಶಿಷ್ಟ ಸಂಖ್ಯೆ ಕೊಡುತ್ತದೆ. 15ಜಿಯಾದರೆ ಅದು ಇಂಗ್ಲಿಷಿನ 'ಜಿ' ಅಕ್ಷರದಿಂದ, 15ಎಚ್ ಆದರೆ 'ಎಚ್'ನಿಂದ ಶುರುವಾಗುತ್ತದೆ. ಆ ಸಂಖ್ಯೆ ಹುಟ್ಟಿದರೆ ಅರ್ಜಿ ಡ್ರಾಯರಿನಲ್ಲಿ ಉಳಿಯದೆ ಕಂಪ್ಯೂಟರಿಗೆ ಹೋಗಿದೆ ಎಂದರ್ಥ. ನೆಟ್ ಬ್ಯಾಂಕಿಂಗ್‌ನಲ್ಲಿ ಕೊಡುವವರು ಸ್ವೀಕೃತಿಯ ಪುಟವನ್ನು ಉಳಿಸಿಟ್ಟುಕೊಳ್ಳಿ.

8. ಮುಂದಿನ ಬಡ್ಡಿ ಬಂದಾಗ ಪಾಸ್‌ಬುಕ್ ನೋಡಿ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಸಿಗುವ 26ಎಎಸ್ ವಿವರಪಟ್ಟಿಯಲ್ಲಿ 15ಜಿ, 15ಎಚ್ ವ್ಯವಹಾರಗಳಿಗೆಂದೇ ಪ್ರತ್ಯೇಕ ಭಾಗವಿದೆ. ನಿಮ್ಮ ಬಡ್ಡಿ ಅಲ್ಲಿ ಕಂಡರೆ ಬ್ಯಾಂಕು ಘೋಷಣೆಯನ್ನು ಇಲಾಖೆಗೂ ತಲುಪಿಸಿದೆ.

ಕಡಿತವಾಗಿಬಿಟ್ಟಿದ್ದರೆ?

ಒಮ್ಮೆ ಕಡಿತವಾಗಿ ಸರ್ಕಾರಕ್ಕೆ ಜಮಾ ಆದ ಹಣವನ್ನು ತಡವಾಗಿ ಕೊಟ್ಟ ಅರ್ಜಿಯ ಮೇಲೆ ಬ್ಯಾಂಕು ಹಿಂದಿರುಗಿಸುವುದಿಲ್ಲ. ಬ್ಯಾಂಕಿನಿಂದ ನಮೂನೆ 16ಎ ಪ್ರಮಾಣಪತ್ರ ಪಡೆದು, 26ಎಎಸ್‌ನಲ್ಲಿರುವ ಮೊತ್ತದೊಂದಿಗೆ ತಾಳೆ ನೋಡಿ, ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಬೇಕು. ಮರುಪಾವತಿ ಬೀಳಬೇಕಾದ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿರಬೇಕು. ಸಲ್ಲಿಸಿದ 30 ದಿನದೊಳಗೆ ಆಧಾರ್ ಒಟಿಪಿ ಮೂಲಕವೋ ಬೇರೆ ದಾರಿಯಲ್ಲೋ ರಿಟರ್ನ್ಸ್ ಪರಿಶೀಲನೆ ಮುಗಿಸಬೇಕು.

ವಾಸ್ತವದಲ್ಲಿ ತೆರಿಗೆ ಕಟ್ಟಬೇಕಾದವರು ಈ ಅರ್ಜಿ ಕೊಟ್ಟರೆ ಲಾಭವೇನೂ ಇಲ್ಲ. ಬಡ್ಡಿಯ ವಿವರ ಹೇಗೂ ಇಲಾಖೆಗೆ ಹೋಗುತ್ತದೆ. ಕೊನೆಗೆ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಆದಾಯ ತೆರಿಗೆ ಕಾಯ್ದೆ 2025 ಜಾರಿಗೆ ಬರುವ ದಿನ 2026ರ ಏಪ್ರಿಲ್ 1. ಅದರಲ್ಲಿ ಸೆಕ್ಷನ್ ಸಂಖ್ಯೆಗಳೇ ಬೇರೆ. ಆದ್ದರಿಂದ ಮನೆಯಲ್ಲಿ ಉಳಿದಿರುವ ಹಳೆಯ ನಮೂನೆಯ ಜೆರಾಕ್ಸ್ ತುಂಬಿಕೊಂಡು ಹೋಗಬೇಡಿ. ಆಯಾ ವರ್ಷಕ್ಕೆ ಬ್ಯಾಂಕು ಕೊಡುವ ನಮೂನೆಯನ್ನೇ ಕೇಳಿ ಪಡೆಯಿರಿ.

ಚಿಕ್ಕಮ್ಮ ಜುಲೈ ಮಧ್ಯದಲ್ಲಿ 15ಎಚ್ ಕೊಟ್ಟರು. ಜೂನ್‌ನಲ್ಲಿ ಹೋದ 3,000ಕ್ಕೆ ರಿಟರ್ನ್ಸ್ ಸಲ್ಲಿಸುವವರೆಗೂ ಕಾಯಲೇಬೇಕು. ಸೆಪ್ಟೆಂಬರ್ ಕೊನೆಗೆ ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಮಾತ್ರ ಬಡ್ಡಿ 30,000ದ ಕೆಳಗೆ ಖರ್ಚಿನ ಸಾಲು ಇರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಯುಗಾದಿ, ರಾಮನವಮಿಗೆ ಗುರುತು ಹಾಕುವ ಅವರು, ಹೊಸ ಕ್ಯಾಲೆಂಡರ್ ಬಂದ ದಿನವೇ ಏಪ್ರಿಲ್ ಪುಟ ತೆಗೆದು ಮೊದಲ ವಾರದ ಮೇಲೆ 'ಬ್ಯಾಂಕು' ಎಂದು ಬರೆದಿಟ್ಟಿದ್ದಾರೆ.