ಉಪನ್ಯಾಸದಿಂದ ಟಿಪ್ಪಣಿಗೆ

ಮೈಸೂರು ವಿಶ್ವವಿದ್ಯಾನಿಲಯವು 1930ರ ದಶಕದಲ್ಲಿ ಪ್ರಚಾರೋಪನ್ಯಾಸಗಳೆಂಬ ಯೋಜನೆಯನ್ನು ಆರಂಭಿಸಿತು. ಅಧ್ಯಾಪಕರು ಊರೂರುಗಳಿಗೆ ಹೋಗಿ ವಿಜ್ಞಾನ, ಆರೋಗ್ಯ, ಚರಿತ್ರೆ ಮೊದಲಾದ ವಿಷಯಗಳನ್ನು ಕನ್ನಡದಲ್ಲಿ ತಿಳಿಸುತ್ತಿದ್ದರು. ಅಂತಹ ಹಲವು ಉಪನ್ಯಾಸಗಳು ಮುಂದೆ ಕಿರುಹೊತ್ತಗೆಗಳಾಗಿ ಅಚ್ಚಾದವು. ಸಭೆಯಲ್ಲಿ ಆಡಿದ ಮಾತು ಪುಟಕ್ಕೆ ಇಳಿಯುವಾಗ ಅದರ ರೂಪ ಬದಲಾಗಲೇಬೇಕು. ಭಾಷಣಕಾರನು ಒಂದೇ ಮಾತನ್ನು ಮೂರು ಬಾರಿ ಹೇಳುತ್ತಾನೆ. ನಡುವೆ ಕಥೆ ಹೇಳುತ್ತಾನೆ. ಕೆಲವೊಮ್ಮೆ ತಾನು ಆಡಿದ್ದನ್ನು ತಾನೇ ತಿದ್ದಿಕೊಳ್ಳುತ್ತಾನೆ. ಕೇಳುವವರಿಗೆ ಇವೆಲ್ಲ ಬೇಕು, ಓದಿ ಅಭ್ಯಾಸ ಮಾಡುವವರಿಗೆ ಬೇಕಿಲ್ಲ. ಆದರೆ ಬೇಡವಾದುದನ್ನು ಬಿಡುವಾಗ ಬೇಕಾದುದೂ ಜಾರಿಹೋಗುವ ಅಪಾಯವಿದೆ. ಇದನ್ನು ಒಂದು ಉದಾಹರಣೆಯಿಂದ ಅರಿಯಬಹುದು.

ನಂಜನಗೂಡಿನ ಬಳಿಯ ತಾಂಡವಪುರದಲ್ಲಿ ಒಂದು ಉಪನ್ಯಾಸ ನಡೆಯಿತೆಂದು ಭಾವಿಸೋಣ. ವಿಷಯ ‘ಸಾಂದ್ರತೆ’. ಕೇಳುವವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ, ಭತ್ತ ಬೆಳೆಯುವ ರೈತರೂ ಇದ್ದಾರೆ. ಒಂದು ಗಂಟೆಯ ಮಾತನ್ನು ಧ್ವನಿಮುದ್ರಿಸಿ ಬರೆದಿಳಿಸಿದಾಗ ಇಪ್ಪತ್ತು ಪುಟಗಳಾದವು. ಇದನ್ನು ಒಂದೇ ಪುಟದ ಟಿಪ್ಪಣಿಯಾಗಿಸುವ ಕೆಲಸ ಒಬ್ಬ ವಿದ್ಯಾರ್ಥಿನಿಯ ಪಾಲಿಗೆ ಬಂದಿತು.

ಅವಳು ಮೊದಲ ಪುಟದಿಂದಲೇ ಸಂಗ್ರಹಿಸತೊಡಗಲಿಲ್ಲ. ಲೇಖನಿಯನ್ನು ಕೆಳಗಿಟ್ಟು ಇಪ್ಪತ್ತು ಪುಟಗಳನ್ನೂ ಒಮ್ಮೆ ಓದಿದಳು. ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಎರಡನೆಯ ಪುಟದಲ್ಲಿ ಉಪನ್ಯಾಸಕರು, “ನೀರಿಗಿಂತ ಭಾರವಾದುದು ಮುಳುಗುತ್ತದೆ, ಹಗುರವಾದುದು ತೇಲುತ್ತದೆ” ಎಂದಿದ್ದರು. ಆರನೆಯ ಪುಟದಲ್ಲಿ ಅವರೇ, “ಭಾರವೆಂದು ಮೊದಲು ಹೇಳಿದೆ, ಅದು ಸರಿಯಾದ ಮಾತಲ್ಲ. ಹತ್ತು ಆಳು ಹೊರುವ ಮರದ ತೊಲೆ ಕಪಿಲೆಯಲ್ಲಿ ತೇಲುತ್ತದೆ, ಬೆರಳುದ್ದದ ಕಬ್ಬಿಣದ ಮೊಳೆ ಮುಳುಗುತ್ತದೆ. ನೋಡಬೇಕಾದುದು ಭಾರವನ್ನಲ್ಲ, ಸಾಂದ್ರತೆಯನ್ನು” ಎಂದು ತಿದ್ದಿಕೊಂಡಿದ್ದರು. ಓದುತ್ತ ಓದುತ್ತಲೇ ಬರೆದಿದ್ದರೆ ಉಪನ್ಯಾಸಕರು ಕೈಬಿಟ್ಟ ಮಾತೇ ಟಿಪ್ಪಣಿಯ ಮೊದಲ ಸಾಲಾಗುತ್ತಿತ್ತು.

ಎರಡನೆಯ ಓದಿನಲ್ಲಿ ಅವಳು ಅಂಚಿನಲ್ಲಿ ಗುರುತು ಹಾಕುತ್ತ ಹೋದಳು. ವ್ಯಾಖ್ಯೆಯಿದ್ದಲ್ಲಿ ‘ವ್ಯಾ’, ಉದಾಹರಣೆಯಿದ್ದಲ್ಲಿ ‘ಉ’, ತಿದ್ದುಪಡಿಯಿದ್ದಲ್ಲಿ ‘ತಿ’. ಯಾವ ಗುರುತೂ ಬೀಳದ ಭಾಗವೇ ಹೆಚ್ಚಾಗಿ ಉಳಿಯಿತು: ಸಭೆಗೆ ವಂದನೆ, ಪ್ರಯಾಣದ ಮಾತು, ಒಂದು ನಗೆಯ ಪ್ರಸಂಗ, ಹಿಂದೆ ಹೇಳಿದ್ದರ ಪುನರುಕ್ತಿ. ಇವನ್ನು ಅವಳು ನಿಶ್ಚಿಂತೆಯಿಂದ ಬಿಟ್ಟಳು.

ವ್ಯಾಖ್ಯೆಯ ವಿಷಯದಲ್ಲಿ ಮಾತ್ರ ಸಂಗ್ರಹ ಸಲ್ಲದು. ಉಪನ್ಯಾಸಕರು ಕೊಟ್ಟ ವ್ಯಾಖ್ಯೆ ಹೀಗಿತ್ತು: “ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿಯೇ ಸಾಂದ್ರತೆ.” ಇದರಲ್ಲಿ ‘ಏಕಮಾನ ಗಾತ್ರ’ ಎಂಬುದನ್ನು ಬಿಟ್ಟರೆ ಸಾಂದ್ರತೆಗೂ ದ್ರವ್ಯರಾಶಿಗೂ ಭೇದವೇ ಉಳಿಯದು. ‘ದ್ರವ್ಯರಾಶಿ’ಯ ಬದಲು ‘ತೂಕ’ ಎಂದರೆ ಭೌತಶಾಸ್ತ್ರದಲ್ಲಿ ಬೇರೆಯೇ ಆದ ಪರಿಮಾಣವೊಂದು ಬಂದು ಸೇರುತ್ತದೆ. ಆದುದರಿಂದ ಅವಳು ವ್ಯಾಖ್ಯೆಯನ್ನು ಅಕ್ಷರಶಃ ಬರೆದುಕೊಂಡಳು. ಅದರ ಮುಂದೆ ಬಂದಿದ್ದ ನಿಬಂಧನೆಯನ್ನೂ ಸೇರಿಸಿದಳು. ಕಬ್ಬಿಣದ ಮೊಳೆ ಮುಳುಗಿದರೂ ಕಬ್ಬಿಣದ ಬಾಣಲೆ ತೇಲುವುದೇಕೆಂದು ಒಬ್ಬರು ಸಭೆಯಲ್ಲಿ ಕೇಳಿದ್ದರು. ಟೊಳ್ಳಾದ ವಸ್ತುವಿನಲ್ಲಿ ಒಳಗಿನ ಗಾಳಿಯನ್ನೂ ಸೇರಿಸಿಕೊಂಡ ಸರಾಸರಿ ಸಾಂದ್ರತೆಯನ್ನು ನೋಡಬೇಕೆಂದು ಉಪನ್ಯಾಸಕರು ಉತ್ತರಿಸಿದ್ದರು. ಪ್ರಶ್ನೋತ್ತರದಲ್ಲಿ ಬಂದಿತೆಂಬ ಕಾರಣಕ್ಕೆ ಇಂತಹ ಮಾತನ್ನು ಬಿಡಲಾಗದು.

ಅಂಕಿಗಳಲ್ಲಿ ಇನ್ನೊಂದು ಬಗೆಯ ತೊಡಕು ಎದುರಾಯಿತು. ಪಾಠದಲ್ಲಿ ಕಬ್ಬಿಣದ ಸಾಂದ್ರತೆ ‘78’ ಎಂದಿತ್ತು. ಆದರೆ ಅದೇ ಪುಟದಲ್ಲಿ, 100 ಘನ ಸೆಂಟಿಮೀಟರ್ ಗಾತ್ರದ ಕಬ್ಬಿಣದ ದ್ರವ್ಯರಾಶಿ 780 ಗ್ರಾಂ ಎಂಬ ಉದಾಹರಣೆಯಿತ್ತು. 780ನ್ನು 100ರಿಂದ ಭಾಗಿಸಿದರೆ 7.8 ಬರುತ್ತದೆ. ಬರೆದಿಳಿಸುವಾಗ ಬಿಂದು ತಪ್ಪಿಹೋಗಿತ್ತೆಂಬುದು ಆಗ ಸ್ಪಷ್ಟವಾಯಿತು. ಅವಳು ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿ ದೃಢಪಡಿಸಿಕೊಂಡು, ಏಕಮಾನದೊಡನೆ ಅಂಕಿಯನ್ನು ಬರೆದಳು. ಅಂಕಿಯಿರುವ ಉದಾಹರಣೆಯನ್ನು ಉಳಿಸಿಕೊಂಡರೆ ಅದು ವ್ಯಾಖ್ಯೆಯನ್ನು ವಿವರಿಸುವುದಲ್ಲದೆ ತಪ್ಪನ್ನೂ ತೋರಿಸಿಕೊಡುತ್ತದೆ.

ರೈತರಿಗಾಗಿ ಹೇಳಿದ ಉದಾಹರಣೆ ಎರಡು ಪುಟಗಳಷ್ಟು ಉದ್ದವಿತ್ತು. ಬಿತ್ತನೆಯ ಭತ್ತವನ್ನು ಬರಿಯ ನೀರಿಗೆ ಹಾಕಿದರೆ ತೀರ ಜೊಳ್ಳಾದ ಕಾಳು ಮಾತ್ರ ತೇಲುತ್ತದೆ. ಉಪ್ಪನ್ನು ಕರಗಿಸಿದರೆ ನೀರಿನ ಸಾಂದ್ರತೆ ಹೆಚ್ಚುತ್ತದೆ; ಆಗ ಅರೆತುಂಬಿದ ಕಾಳೂ ತೇಲುತ್ತದೆ, ಗಟ್ಟಿ ಕಾಳು ತಳಕ್ಕೆ ಇಳಿಯುತ್ತದೆ. ಉಪ್ಪು ಸಾಕಷ್ಟು ಕರಗಿದೆಯೆಂದು ತಿಳಿಯಲು ಹೊಸ ಕೋಳಿಮೊಟ್ಟೆಯನ್ನು ಬಿಟ್ಟು ನೋಡುತ್ತಾರೆ, ಅದು ತೇಲಬೇಕು. ಇಷ್ಟನ್ನೇ ಬರೆದು ಅವಳು ಮುಗಿಸಬಹುದಿತ್ತು, ಏಕೆಂದರೆ ಸಾಂದ್ರತೆಯ ವಿಚಾರ ಅಲ್ಲಿಗೆ ಮುಗಿಯುತ್ತದೆ. ಆದರೆ ಉಪನ್ಯಾಸಕರು ಕೊನೆಯಲ್ಲಿ, ಗಟ್ಟಿ ಕಾಳನ್ನು ಒಳ್ಳೆಯ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಉಪ್ಪು ಉಳಿದರೆ ಮೊಳಕೆಗೆ ಕೇಡು ಎಂದಿದ್ದರು. ಟಿಪ್ಪಣಿಯನ್ನು ನಂಬಿ ಯಾರಾದರೂ ಬೀಜ ಆರಿಸಿದರೆ, ಬಿಟ್ಟುಹೋದ ಆ ಒಂದು ಸಾಲಿನಿಂದ ಮಡಿಯೇ ಕೆಡಬಹುದು. ಉದಾಹರಣೆಯನ್ನು ಚಿಕ್ಕದಾಗಿಸಬಹುದು, ಅದರ ಹಂತಗಳನ್ನು ಕಳೆಯಬಾರದು.

ಕೊನೆಗೆ ಸಿದ್ಧವಾದ ಟಿಪ್ಪಣಿ ಹೀಗಿತ್ತು:

ವ್ಯಾಖ್ಯೆ: ಏಕಮಾನ ಗಾತ್ರದಲ್ಲಿರುವ ದ್ರವ್ಯರಾಶಿಯೇ ಸಾಂದ್ರತೆ. (ಪುಟ 4)
ಲೆಕ್ಕ: ಕಬ್ಬಿಣ, 100 ಘನ ಸೆಂ.ಮೀ.ಗೆ 780 ಗ್ರಾಂ. ಸಾಂದ್ರತೆ ಘನ ಸೆಂ.ಮೀ.ಗೆ 7.8 ಗ್ರಾಂ. (ಪುಟ 5)
ನಿಯಮ: ದ್ರವಕ್ಕಿಂತ ಹೆಚ್ಚು ಸಾಂದ್ರತೆಯ ವಸ್ತು ಮುಳುಗುತ್ತದೆ, ಕಡಿಮೆ ಸಾಂದ್ರತೆಯದು ತೇಲುತ್ತದೆ. ಭಾರವು ಕಾರಣವಲ್ಲ: ತೊಲೆ, ಮೊಳೆ. (ಪುಟ 6)
ಉದಾಹರಣೆ: ಭತ್ತದ ಬೀಜ. ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸುವುದು. ತೇಲಿದ ಕಾಳು ತೆಗೆಯುವುದು. ಮುಳುಗಿದುದನ್ನು ಒಳ್ಳೆಯ ನೀರಿನಲ್ಲಿ ತೊಳೆಯುವುದು. (ಪುಟ 11–12)
ನಿಬಂಧನೆ: ಟೊಳ್ಳು ವಸ್ತುವಿಗೆ ಒಳಗಿನ ಗಾಳಿಯೂ ಸೇರಿದ ಸರಾಸರಿ ಸಾಂದ್ರತೆ. (ಪುಟ 18)

ಪ್ರತಿ ಸಾಲಿನ ಮುಂದೆ ಪುಟಸಂಖ್ಯೆಯಿರುವುದರಿಂದ ಸಂಶಯ ಬಂದಾಗ ಮೂಲವನ್ನು ತೆರೆದು ನೋಡಬಹುದು. ಮೂಲದಲ್ಲಿ ಇಲ್ಲದ ಮಾತೊಂದೂ ಇಲ್ಲಿ ಸೇರಿಲ್ಲ.

ಹೀಗೆ ಸೇರುವ ಮಾತು ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಯುರೋಪಿನಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ಜಿನೀವಾದಲ್ಲಿ ಫರ್ಡಿನಾಂಡ್ ದ ಸೊಸ್ಯೂರ್ ಎಂಬ ವಿದ್ವಾಂಸರು 1907ರಿಂದ 1911ರವರೆಗೆ ಭಾಷಾವಿಜ್ಞಾನವನ್ನು ಕುರಿತು ಮೂರು ಸಲ ಉಪನ್ಯಾಸಮಾಲೆಗಳನ್ನು ನಡೆಸಿದರು. 1913ರಲ್ಲಿ ಅವರು ತೀರಿಕೊಂಡರು. ಅವರ ಇಬ್ಬರು ಸಹೋದ್ಯೋಗಿಗಳು ವಿದ್ಯಾರ್ಥಿಗಳ ಟಿಪ್ಪಣಿಗಳನ್ನು ಕೂಡಿಸಿ 1916ರಲ್ಲಿ ಗ್ರಂಥವೊಂದನ್ನು ಹೊರತಂದರು. ಅದು ಜಗತ್ತಿನಾದ್ಯಂತ ಹೆಸರಾಯಿತು. ಆದರೆ ಗ್ರಂಥದ ಕೊನೆಯ, ಬಹಳ ಪ್ರಖ್ಯಾತವಾದ ವಾಕ್ಯವು ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಇರಲಿಲ್ಲವೆಂದು, ಅದು ಸಂಪಾದಕರೇ ಸೇರಿಸಿದ್ದೆಂದು ವಿದ್ವಾಂಸರು ಮುಂದೆ ತೋರಿಸಿದರು. ಅಷ್ಟರಲ್ಲಿ ಹಲವರು ಅದನ್ನು ಸೊಸ್ಯೂರರ ಮಾತೆಂದೇ ಉದ್ಧರಿಸಿದ್ದರು. ವಿದ್ಯಾರ್ಥಿಗಳ ಮೂಲ ಟಿಪ್ಪಣಿಗಳು ಉಳಿದಿದ್ದುದರಿಂದಲೇ ಈ ಸಂಗತಿ ಬೆಳಕಿಗೆ ಬಂದಿತು. ತಾಂಡವಪುರದ ಆ ವಿದ್ಯಾರ್ಥಿನಿಯೂ ಟಿಪ್ಪಣಿ ಮುಗಿದ ಮೇಲೆ ಇಪ್ಪತ್ತು ಪುಟಗಳನ್ನು ಎಸೆಯಲಿಲ್ಲ. ಟಿಪ್ಪಣಿಯ ಹಿಂದೆಯೇ ದಾರ ಹಾಕಿ ಕಟ್ಟಿಟ್ಟಳು.

ಅಭ್ಯಾಸ

1. ಸಂಗ್ರಹಿಸುವ ಮೊದಲು ಇಡೀ ಪಾಠವನ್ನು ಓದಬೇಕಾದುದೇಕೆ?
2. ಕಬ್ಬಿಣದ ಸಾಂದ್ರತೆಯ ಅಂಕಿಯಲ್ಲಿದ್ದ ತಪ್ಪು ಹೇಗೆ ತಿಳಿಯಿತು?
3. “ಉದಾಹರಣೆಯನ್ನು ಚಿಕ್ಕದಾಗಿಸಬಹುದು, ಅದರ ಹಂತಗಳನ್ನು ಕಳೆಯಬಾರದು.” ಭತ್ತದ ಬೀಜದ ಉದಾಹರಣೆಯಿಂದ ಈ ಮಾತನ್ನು ಸಮರ್ಥಿಸಿರಿ.