ಮುಂದಿನ ತಾರೀಖು ಹಿಂದಿನ ತಾರೀಖುಗಳಿಂದ



ಮನೆಗೂ ತೋಟಕ್ಕೂ ಆಗಾಗ ಬರುವ ಬಿಲ್ಲು, ರಿಪೇರಿಯವರ ಭೇಟಿ ಇವುಗಳ ತಾರೀಖನ್ನು ನಮ್ಮಲ್ಲಿ ಅನೇಕರು ಡೈರಿಯಲ್ಲಿ ಗುರುತು ಹಾಕುವುದುಂಟು. ಆದರೆ ಆ ಗುರುತಿನಿಂದ ಮುಂದಿನ ಭೇಟಿ ಎಂದು ಬಂದೀತೆಂದು ಲೆಕ್ಕ ಹಾಕಿ ನೋಡುವವರು ಕಡಿಮೆ. ನಮ್ಮ ಸದಸ್ಯರೊಬ್ಬರ ಮಗಳು ಅಳಿಯ ನೌಕರಿಯ ನಿಮಿತ್ತ ರಾಯಚೂರು ಜಿಲ್ಲೆಯ ಲಿಂಗಸುಗೂರಿನಲ್ಲಿದ್ದಾರೆ. 2024ರ ಮೇ ತಿಂಗಳಲ್ಲಿ ಊರಿಗೆ ಬಂದಾಗ ಅವರು ತಮ್ಮ ಡೈರಿಯ ಎರಡು ಪಟ್ಟಿಗಳನ್ನು ಸಂಘದ ಕಚೇರಿಯಲ್ಲಿ ನಮ್ಮ ಮುಂದಿಟ್ಟರು. ಔಷಧ ಸಿಂಪಡಣೆಯ ಕಾಲಕ್ಕೆ, ಜುಲೈ 10ರಿಂದ ಹತ್ತು ದಿವಸ, ಮನೆಗೆ ಬೀಗ ಹಾಕಿ ತೋಟಕ್ಕೆ ಬರುವ ಯೋಚನೆ ಅವರದು. ಅಷ್ಟರೊಳಗೆ ಯಾವ ಕೆಲಸ ಬಂದು ಬೀಳುತ್ತದೆಂಬುದು ಅವರ ಪ್ರಶ್ನೆ. ಆ ಎರಡು ಪಟ್ಟಿಗಳೇ ಈ ಪಾಠಕ್ಕೆ ಸಾಕು.

ಮೊದಲನೆಯದು ಕುಡಿಯುವ ನೀರಿನ ಫಿಲ್ಟರಿನದು. ಅಲ್ಲಿ ಬೋರಿನ ನೀರು ಗಡಸು. ಫಿಲ್ಟರಿನ ಒಳಭಾಗ ಕಟ್ಟಿಕೊಂಡು ನೀರಿನ ಧಾರೆ ಸಣ್ಣದಾದಾಗ ಮೆಕ್ಯಾನಿಕ್ಕಿಗೆ ಹೇಳಿಕಳುಹಿಸುತ್ತಾರೆ; ಆತ ಬಂದು ಶುಚಿ ಮಾಡಿ ಹೋಗುತ್ತಾನೆ. ಆತ ಬಂದ ತಾರೀಖುಗಳು: 2023ರ ಜನವರಿ 10, ಏಪ್ರಿಲ್ 8, ಜುಲೈ 3, ಅಕ್ಟೋಬರ್ 6, 2024ರ ಜನವರಿ 12, ಏಪ್ರಿಲ್ 14. ಒಂದೊಂದರ ನಡುವಿನ ದಿವಸಗಳನ್ನು ಎಣಿಸಿದರೆ 88, 86, 95, 98, 93. ಒಟ್ಟು 460. ಐದರಿಂದ ಭಾಗಿಸಿದರೆ ಸರಾಸರಿ 92 ದಿವಸ. ಏಪ್ರಿಲ್ 14ಕ್ಕೆ 92 ಸೇರಿಸಿದರೆ ಜುಲೈ 15.

ಇಲ್ಲಿ ಒಂದು ಮಾತು. ನಡುವಿನ ತಾರೀಖುಗಳನ್ನು ಪೂರಾ ಮರೆತು, ಮೊದಲ ಭೇಟಿಯಿಂದ ಕೊನೆಯ ಭೇಟಿಯವರೆಗಿನ ದಿವಸಗಳನ್ನು ನೇರವಾಗಿ ಎಣಿಸಿದರೂ 460ೇ ಬರುತ್ತದೆ. ಅಂದರೆ ಸರಾಸರಿಗೆ ಬೇಕಾದದ್ದು ಮೂರೇ: ಮೊದಲ ತಾರೀಖು, ಕೊನೆಯ ತಾರೀಖು, ನಡುವೆ ಎಷ್ಟು ಅಂತರಗಳಾದವೆಂಬ ಎಣಿಕೆ. ಲೆಕ್ಕ ಸುಲಭವಾಯಿತೆಂದು ಹಿಗ್ಗುವ ಮುನ್ನ ಇದರ ಅಪಾಯವನ್ನೂ ನೋಡಬೇಕು. ಎಣಿಕೆ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಜುಲೈ 3ರ ಭೇಟಿಯನ್ನು ಬರೆಯಲು ಮರೆತಿದ್ದರೆಂದು ಇಟ್ಟುಕೊಳ್ಳಿ. ಆಗ ಅಂತರಗಳು 88, 181, 98, 93. ಒಟ್ಟು ಅದೇ 460. ಆದರೆ ಭಾಗಿಸುವುದು ನಾಲ್ಕರಿಂದ. ಸರಾಸರಿ 115ಕ್ಕೆ ಏರಿ, ಮುಂದಿನ ಭೇಟಿ ಆಗಸ್ಟ್ 7ಕ್ಕೆ ಹೋಗಿ ಕೂರುತ್ತದೆ. ಮೂರು ವಾರಕ್ಕೂ ಮಿಕ್ಕಿ ವ್ಯತ್ಯಾಸ!

ಆದುದರಿಂದ ಭಾಗಾಕಾರಕ್ಕೆ ಕೈಹಾಕುವ ಮೊದಲು ಅಂತರಗಳನ್ನು ಸಾಲಾಗಿ ಬರೆದು ಕಣ್ಣಾಡಿಸುವುದು ಒಳ್ಳೆಯದು. ಉಳಿದವುಗಳ ಹೆಚ್ಚುಕಡಿಮೆ ಎರಡರಷ್ಟಿರುವ ಅಂತರ ಕಂಡರೆ ಅಲ್ಲೊಂದು ಭೇಟಿ ಬರೆಯುವುದು ಬಿಟ್ಟುಹೋಗಿದೆಯೆಂದು ಅನುಮಾನಿಸಬೇಕು. ಮನೆಯಲ್ಲಿ ಯಾರಿಗೂ ನೆನಪಿಲ್ಲವಾದರೆ, ಸರಾಸರಿಯನ್ನು ಬಿಟ್ಟು ಅಂತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ಹಿಡಿಯಬಹುದು. 88, 93, 98, 181 ಇವುಗಳ ನಡುವಿನವು 93 ಮತ್ತು 98. ಅವೆರಡರ ಮಧ್ಯ 95 ಚಿಲ್ಲರೆ. ನಿಜವಾದ 92ಕ್ಕೆ ಇದು ಸಾಕಷ್ಟು ಹತ್ತಿರ.

ಮತ್ತೆ ಅಳಿಯಂದಿರ ಪ್ರಶ್ನೆಗೆ ಬರೋಣ. ಜುಲೈ 15 ಎಂಬ ಒಂದೇ ತಾರೀಖನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಅತಿ ಚಿಕ್ಕ ಅಂತರ 86, ಅತಿ ದೊಡ್ಡದು 98. ಆ ಪ್ರಕಾರ ಜುಲೈ 9ರಿಂದ 21ರೊಳಗೆ ಎಂದಾದರೂ ಫಿಲ್ಟರ್ ಕಟ್ಟಬಹುದು. ಅದರಲ್ಲೂ ಆ 86 ದಿವಸಗಳ ಅಂತರ ಬಂದದ್ದು ಹಿಂದಿನ ವರ್ಷ ಏಪ್ರಿಲ್‌ನಿಂದ ಜುಲೈವರೆಗೆ. ಅಲ್ಲಿನ ಬೇಸಗೆ ನಮ್ಮ ಮಲೆನಾಡಿನ ಬೇಸಗೆಯಲ್ಲ; ಬಿಸಿಲು 40 ಡಿಗ್ರಿ ದಾಟುತ್ತದೆ, ಮನೆಮಂದಿ ಕುಡಿಯುವ ನೀರೂ ಹೆಚ್ಚು. ಈಗ ನಡೆಯುತ್ತಿರುವುದೂ ಅದೇ ತಿಂಗಳುಗಳ ಅಂತರವಾದ್ದರಿಂದ ಜುಲೈ 9ರ ಕಡೆಗೇ ವಾಲುವುದು ಲೇಸು. ಹೊರಡುವ ಮೊದಲೇ, ಜುಲೈ ಮೊದಲ ವಾರದಲ್ಲಿ ಮೆಕ್ಯಾನಿಕ್ಕನ್ನು ಕರೆಸಿಬಿಡಿ ಎಂದೆವು.

ಎರಡನೆಯ ಪಟ್ಟಿ ವಿದ್ಯುತ್ ಬಿಲ್ಲಿನದು. ಮೀಟರ್ ಓದಿ ಬಿಲ್ಲು ಕೊಟ್ಟ ತಾರೀಖುಗಳು 2024ರ ಜನವರಿ 4, ಫೆಬ್ರವರಿ 3, ಮಾರ್ಚ್ 5, ಏಪ್ರಿಲ್ 4, ಮೇ 9. ಅಂತರಗಳು 30, 31, 30, 35. ಮೇ 7ರಂದು ರಾಯಚೂರು ಲೋಕಸಭಾ ಕ್ಷೇತ್ರದ ಮತದಾನವಿತ್ತು. ಆ ವಾರದ ಗಡಿಬಿಡಿಯಲ್ಲಿ ಓದುವವರು ಬಂದದ್ದು ತಡವಾಯಿತೆಂದು ಅವರು ಹೇಳಿದರು. ಸರಾಸರಿ 31ೂವರೆ ದಿವಸ. ಮೇ 9ಕ್ಕೆ ಸೇರಿಸಿದರೆ ಜೂನ್ 9 ಅಥವಾ 10. ಆದರೆ ನಮ್ಮ ಊಹೆ ಜೂನ್ 4 ಎಂಬುದಾಗಿತ್ತು. ಬಿಲ್ಲು ಬಂದದ್ದೂ ಜೂನ್ 4ಕ್ಕೇ.

ಇದು ಹೇಗೆ? ಫಿಲ್ಟರಿನ ಗಡಿಯಾರ ಮೆಕ್ಯಾನಿಕ್ ಹೋದ ದಿವಸದಿಂದ ಹೊಸದಾಗಿ ಓಡತೊಡಗುತ್ತದೆ. ಒಮ್ಮೆ ತಡವಾದರೆ ಮುಂದಿನದೂ ಅಷ್ಟೇ ಮುಂದೆ ಸರಿಯುತ್ತದೆ. ಮೀಟರ್ ಓದುವವರಿಗಾದರೋ ಯಾವ ಬೀದಿ ತಿಂಗಳ ಯಾವ ದಿವಸಕ್ಕೆಂಬ ಸರದಿಯಿದೆ. ಒಂದು ತಿಂಗಳು ಐದು ದಿನ ತಡವಾದರೂ ಮರುತಿಂಗಳು ಸರದಿ ತನ್ನ ಜಾಗಕ್ಕೆ ಬಂದು ನಿಲ್ಲುತ್ತದೆ. ಇಂತಹ ಕಡೆ ಅಂತರಗಳ ಸರಾಸರಿಯನ್ನು ಕೊನೆಯ ತಾರೀಖಿಗೆ ಕೂಡಿಸಿದರೆ ತಡವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತೆ: ಒಮ್ಮೆ ತಡವಾದ ತಾರೀಖಿನಿಂದ ಎಣಿಸುವುದರಲ್ಲಿ, ಇನ್ನೊಮ್ಮೆ ಉದ್ದವಾದ ಅಂತರವನ್ನು ಸರಾಸರಿಗೆ ಸೇರಿಸುವುದರಲ್ಲಿ. ಇಲ್ಲಿ ತಾರೀಖಿನ ಅಂಕಿಯನ್ನೇ ನೋಡಬೇಕು. 4, 3, 5, 4, 9. ಜೋಡಿಸಿದರೆ ನಡುವಿನದು 4.

ಯಾವುದು ಯಾವ ಬಗೆಯದೆಂದು ಗುರುತಿಸಲು ಪಟ್ಟಿಯೇ ದಾರಿ ತೋರುತ್ತದೆ. ಉದ್ದನೆಯ ಅಂತರದ ಬೆನ್ನಿಗೇ ಗಿಡ್ಡ ಅಂತರ ಬರುತ್ತಿದೆಯೇ ನೋಡಿ. ವಿದ್ಯುತ್ ಬಿಲ್ಲಿನಲ್ಲಿ 35ರ ಮುಂದೆ ಬಂದದ್ದು 26. ಅದು ಕ್ಯಾಲೆಂಡರಿಗೆ ಕಟ್ಟಿದ ಕೆಲಸ. ಫಿಲ್ಟರಿನಲ್ಲಿ 95ರ ಮುಂದೆ 98, ಆಮೇಲೆ 93. ತಡವನ್ನು ಸರಿದೂಗಿಸುವ ಸೂಚನೆಯೇ ಇಲ್ಲ. ಅದು ಬಳಕೆಗೆ ಕಟ್ಟಿದ್ದು. ಒಂದೇ ಸಲ ಹೀಗಾದದ್ದನ್ನು ಕಂಡು ತೀರ್ಮಾನಿಸಬಾರದು. ಎರಡು ಮೂರು ಸಲ ಕಂಡರೆ ನಂಬಬಹುದು.

ಇನ್ನು ತೋಟದ ಯಂತ್ರಗಳ ಮಾತು. ಕಾಫಿಯ ಹೂಮಳೆ ತಡವಾದಾಗ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಓಡುವ ಡೀಸೆಲ್ ಪಂಪು, ಮಳೆಗಾಲವಿಡೀ ಶೆಡ್ಡಿನಲ್ಲಿ ಮಲಗಿರುತ್ತದೆ. ಅದರ ಆಯಿಲ್ ಬದಲಿಸಿದ ತಾರೀಖುಗಳ ಅಂತರ 30, 35, 270 ದಿವಸ ಎಂದಿದ್ದರೆ ಸರಾಸರಿ ಸುಮಾರು 112. ಈ ಅಂಕಿ ಯಾವ ತಿಂಗಳಿಗೂ ಒಪ್ಪುವುದಿಲ್ಲ. ನಡುವಿನ ಅಂತರ ಹಿಡಿದರೂ ಮಳೆಗಾಲಕ್ಕೆ ತಪ್ಪೇ. ಇಲ್ಲಿ ದಿವಸಗಳನ್ನು ಬಿಟ್ಟು ಓಡಿದ ಗಂಟೆಗಳನ್ನು ಬರೆಯಬೇಕು. ಆಯಿಲ್ ಬದಲಾವಣೆಗಳ ನಡುವೆ ಪಂಪು 96, 104, 100 ಗಂಟೆ ಓಡಿದ್ದರೆ ಸರಾಸರಿ 100. ದಿವಸಕ್ಕೆ 5 ಗಂಟೆ ಓಡಿಸುವ ಕಾಲದಲ್ಲಿ ಅದು 20 ದಿವಸಕ್ಕೆ ಬರುತ್ತದೆ. ಯಂತ್ರದ ಜೊತೆ ಬಂದ ಪುಸ್ತಿಕೆಯಲ್ಲಿ ಇದಕ್ಕಿಂತ ಕಡಿಮೆ ಗಂಟೆ ಹೇಳಿದ್ದರೆ ಪುಸ್ತಿಕೆಯ ಮಾತೇ ನಡೆಯಬೇಕು. ನಮ್ಮ ಸರಾಸರಿ ತಿಳಿಸುವುದು ನಾವು ಹಿಂದೆ ಎಷ್ಟು ಗಂಟೆಗೆ ಬದಲಿಸಿದೆವೆಂಬುದನ್ನಷ್ಟೇ. ಎಂಜಿನ್ನಿಗೆ ಎಷ್ಟು ಗಂಟೆಗೆ ಬೇಕೆಂಬುದನ್ನಲ್ಲ. ಅಡಿಕೆಗೆ ಬೋರ್ಡೋ ಹೊಡೆಯುವ ಸ್ಪ್ರೇಯರಿಗೂ ಇದೇ ರೀತಿ. ಗಂಟೆ ಬರೆಯುವುದು ಕಷ್ಟವಾದರೆ ಖಾಲಿಯಾದ ಬ್ಯಾರಲ್ಲುಗಳನ್ನು ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕಿ ಎಣಿಸಿದರೂ ನಡೆಯುತ್ತದೆ.