ಬೀದಿ ಗಣಪನ ವಿಡಿಯೊಗೆ ಮಾತು ಬರೆಯುವ ಸೂತ್ರಗಳು

ಬೀದಿಯ ಗಣೇಶೋತ್ಸವ ಮುಗಿದಿದೆ. ಏಳೆಂಟು ಮನೆಯವರು ಮೊಬೈಲಿನಲ್ಲಿ ಹಿಡಿದ ತುಣುಕುಗಳು ನಿಮ್ಮ ಕೈಸೇರಿವೆ. ಅವನ್ನು ಜೋಡಿಸಿ ಮೂರು ನಿಮಿಷದ ವಿಡಿಯೊ ಮಾಡಬೇಕು, ಹಿನ್ನೆಲೆ ಮಾತನ್ನೂ ನೀವೇ ಬರೆಯಬೇಕು ಅಂದುಕೊಳ್ಳಿ.

1. ಎಲ್ಲ ತುಣುಕು ನೋಡುವವರೆಗೆ ಒಂದು ಸಾಲೂ ಬರೆಯಬೇಡಿ. ಯಾರು ಕಳಿಸಿದ್ದು, ಯಾವ ದಿನದ್ದು, ಕೇಳಿಸುವ ಸದ್ದೇನು ಎಂದು ಗುರುತು ಹಾಕಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೈಲಿನ ತಾರೀಕನ್ನು ನಂಬಬೇಡಿ, ಅದು ಚಿತ್ರೀಕರಿಸಿದ ದಿನದ್ದೇ ಆಗಿರಬೇಕಿಲ್ಲ. ಕಳಿಸಿದವರನ್ನೇ ಕೇಳಿ. ವಿಡಿಯೊ ಮಸುಕಾಗಿದ್ದರೆ ‘ಡಾಕ್ಯುಮೆಂಟ್’ ಆಗಿ ಮತ್ತೆ ಕಳಿಸಲು ಹೇಳಿ.

2. ಅರ್ಧ ಹೊತ್ತು ಸುಮ್ಮನಿರಿ. ತಮಟೆ, ಮಕ್ಕಳ ಕೂಗು, ಮಂಗಳಾರತಿಯ ಗಂಟೆ ತಾವೇ ಮಾತಾಡುತ್ತವೆ. ಮೂರು ನಿಮಿಷದಲ್ಲಿ ನಿಮಗೆ ಉಳಿಯುವುದು 90 ಸೆಕೆಂಡು. ನಿಧಾನವಾಗಿ ಓದಿದರೆ ಅಷ್ಟರಲ್ಲಿ ಹಿಡಿಯುವುದು ಸುಮಾರು 150 ಪದ. ಕನ್ನಡದ ಪದಗಳು ಉದ್ದ, ಹಾಗಾಗಿ ಎಣಿಕೆಗಿಂತ ಗಡಿಯಾರ ಮುಖ್ಯ: ಗಟ್ಟಿಯಾಗಿ ಓದಿ ಅಳೆಯಿರಿ.

3. ಕಾಣುವುದನ್ನು ಹೇಳಬೇಡಿ, ಕಾಣದ್ದನ್ನು ಹೇಳಿ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ರಂಗೋಲಿಯ ತುಣುಕಿಗೆ “ಮಹಿಳೆಯರು ಬಣ್ಣಬಣ್ಣದ ರಂಗೋಲಿ ಬಿಡಿಸುತ್ತಿದ್ದಾರೆ” ಎಂದರೆ ನೋಡುವವರಿಗೆ ಹೊಸದೇನೂ ಸಿಗಲಿಲ್ಲ. ಕಳಿಸಿದವರಿಗೆ ಒಂದು ಫೋನ್ ಮಾಡಿ, ಆ ಬೆಳಿಗ್ಗೆ ಏನಾಯಿತು ಎಂದು ಕೇಳಿ. ಆಗ ಇಂಥ ಸಾಲು ಸಿಗುತ್ತದೆ: “ನಸುಕಿನಲ್ಲಿ ಮಳೆ ಬಂತು. ಮೊದಲು ಹಾಕಿದ್ದು ಕೊಚ್ಚಿಹೋಯ್ತು. ಇದು ಎರಡನೇ ಸಲ ಹಾಕಿದ್ದು.” ಯಾರೂ ಹಿಡಿಯದ ಘಟನೆಯನ್ನೂ ಮಾತಿನಿಂದಲೇ ದಾಟಿಸಬಹುದು. ಅನ್ನಸಂತರ್ಪಣೆಯ ತುಣುಕು ಒಂದೂ ಇಲ್ಲವೇ? ಹಿಂದಿನ ರಾತ್ರಿ ತರಕಾರಿ ಹೆಚ್ಚಿದ ದೃಶ್ಯ ಇಟ್ಟು, “ಬಡಿಸುವ ಹೊತ್ತಿಗೆ ಎಲ್ಲರ ಕೈಯಲ್ಲೂ ಸೌಟಿತ್ತು, ಮೊಬೈಲ್ ಹಿಡಿಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ” ಎನ್ನಿ.

4. ಆಡುವಂತೆ ಬರೆಯಿರಿ. “ಮಹಾಮಂಗಳಾರತಿಯನ್ನು ನೆರವೇರಿಸಲಾಯಿತು” ಎಂಬುದು ವರದಿಯ ಭಾಷೆ. “ಏಳು ಗಂಟೆಗೆ ಮಂಗಳಾರತಿ ಆಯ್ತು” ಎಂದರೆ ಸಾಕು.

5. ಹೆಸರುಗಳನ್ನು ಓದಬೇಡಿ. ಒಬ್ಬರ ಹೆಸರು ತಪ್ಪಿದರೂ ನೋವಾಗುತ್ತದೆ, ಎಲ್ಲರದ್ದೂ ಓದಿದರೆ ವಿಡಿಯೊ ನಿಂತೇಬಿಡುತ್ತದೆ. ಮಾತಿನಲ್ಲಿ “ಚಪ್ಪರ ಕಟ್ಟಿದವರು”, “ಪಾಯಸ ಮಾಡಿದವರು” ಎಂದು ಕೆಲಸದಿಂದ ನೆನೆಯಿರಿ. ಹೆಸರುಗಳೆಲ್ಲ ಕೊನೆಯಲ್ಲಿ ಪರದೆಯ ಮೇಲೆ ಬರಲಿ, ವಿಡಿಯೊ ಕಳಿಸಿದವರದ್ದೂ ಸೇರಿ.

6. ದನಿ ಮುದ್ರಿಸುವಾಗ ಫ್ಯಾನ್ ಆರಿಸಿ. ಹಾಸಿಗೆ, ಪರದೆ ಇರುವ ಕೋಣೆಯಲ್ಲಿ ಮಾತು ಮರುದನಿಸುವುದು ಕಡಿಮೆ. ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ಮಾತು ಬರುವಾಗ ತುಣುಕಿನ ಸದ್ದು ತಗ್ಗಿಸಿ, ಮುಗಿದೊಡನೆ ಏರಿಸಿ. ಇಯರ್‌ಫೋನ್ ಇಲ್ಲದೆ ಮೊಬೈಲಿನ ಸ್ಪೀಕರಿನಲ್ಲೇ ಕೇಳಿನೋಡಿ: ವಿಸರ್ಜನೆಯ ತಮಟೆ ನಿಮ್ಮ ಮಾತನ್ನು ನುಂಗುತ್ತಿದ್ದರೆ ಇನ್ನೂ ತಗ್ಗಿಸಬೇಕು.

7. ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವ ಮುಂಚೆ ಬೀದಿಯ ಹಿರಿಯರೊಬ್ಬರಿಗೆ ತೋರಿಸಿ, ಮಕ್ಕಳ ಮುಖ ಕಾಣುವ ಕಡೆ ಅವರ ಮನೆಯವರ ಒಪ್ಪಿಗೆ ಪಡೆಯಿರಿ. ಯಾರಾದರೂ ಬೇಡವೆಂದರೆ ಆ ತುಣುಕನ್ನು ತೆಗೆದುಬಿಡಿ.